ಹಿನ್ನೆಲೆಯ ಪ್ರತಿ ವಾಕ್ಯಕ್ಕೂ ಒಂದು ಆಕರ: ಕ್ರಿಯಾ ಸಂಶೋಧನೆಯ ಪ್ರಸ್ತಾವನೆಯನ್ನು ಕಟ್ಟುವ ಕ್ರಮ

ಬೋಧನಾಭ್ಯಾಸಕ್ಕೆ ಬಸವಕಲ್ಯಾಣ, ಹುಮನಾಬಾದ್ ಭಾಗದ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಅಲ್ಲಿ ಕಂಡ ಒಂದು ಸಮಸ್ಯೆಯನ್ನು ಹಿಡಿದು ಕ್ರಿಯಾ ಸಂಶೋಧನೆಯ ಪ್ರಸ್ತಾವನೆ ಸಿದ್ಧಪಡಿಸಬೇಕಾಗುತ್ತದೆ. ಅದರಲ್ಲಿ ಉದ್ದೇಶಗಳು, ಪ್ರಾಕಲ್ಪನೆ, ಸಾಧನಗಳು ಮುಂತಾದ ಭಾಗಗಳಿಗೆ ಒಂದು ನಿಶ್ಚಿತ ನಮೂನೆ ಇದೆ. ‘ಸಮಸ್ಯೆಯ ಹಿನ್ನೆಲೆ’ ಎಂಬ ಭಾಗಕ್ಕೆ ಮಾತ್ರ ಅಂಥ ನಮೂನೆ ಇಲ್ಲ. ಆದ್ದರಿಂದ ಅಲ್ಲಿ ಕೇಳಿದ್ದು, ಓದಿದ್ದು, ಊಹಿಸಿದ್ದು ಎಲ್ಲವೂ ಒಂದೇ ಧಾಟಿಯಲ್ಲಿ ಬಂದುಬಿಡುತ್ತವೆ. ಹಿನ್ನೆಲೆಯ ಒಂದೊಂದು ಹೇಳಿಕೆಯನ್ನೂ ಒಂದು ನಿರ್ದಿಷ್ಟ ಆಕರಕ್ಕೆ ಕಟ್ಟುವುದು ಹೇಗೆ, ಹಾಗೆ ಕಟ್ಟುವಾಗ ಸಮಸ್ಯೆಯೇ ಹೇಗೆ ಬದಲಾಗುತ್ತದೆ ಎಂಬುದನ್ನು ಒಂದು ಮಾದರಿಯ ಮೂಲಕ ನೋಡೋಣ.

ಮಾದರಿಯ ವಿಷಯ ಹೀಗಿದೆ. ಹುಮನಾಬಾದ್ ತಾಲ್ಲೂಕಿನ ಒಂದು ತಾಂಡಾಕ್ಕೆ ಹೊಂದಿಕೊಂಡ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅಲ್ಲಿ 4ನೇ ತರಗತಿಯ ಹಲವು ಮಕ್ಕಳು ಕನ್ನಡ ಪಠ್ಯವನ್ನು ಓದಲಾರರು. ಪ್ರಶಿಕ್ಷಣಾರ್ಥಿಯು ಬರೆದ ಮೊದಲ ಕರಡು ಇದು:

“ಕಲ್ಯಾಣ ಕರ್ನಾಟಕವು ಶೈಕ್ಷಣಿಕವಾಗಿ ಅತ್ಯಂತ ಹಿಂದುಳಿದ ಪ್ರದೇಶವಾಗಿದೆ. ಬೀದರ್ ಜಿಲ್ಲೆಯ ಸಾಕ್ಷರತೆ ಕಡಿಮೆ ಇರುವುದರಿಂದ ಮಕ್ಕಳ ಓದು ಕುಂಠಿತಗೊಂಡಿದೆ. ಸಮೀಕ್ಷೆಗಳ ಪ್ರಕಾರ ಹುಮನಾಬಾದ್ ತಾಲ್ಲೂಕಿನ ಬಹುಪಾಲು ಮಕ್ಕಳಿಗೆ ಓದಲು ಬರುವುದಿಲ್ಲ. ತಾಂಡಾದ ಪಾಲಕರಿಗೆ ಮಕ್ಕಳ ಶಿಕ್ಷಣದಲ್ಲಿ ಆಸಕ್ತಿ ಇಲ್ಲ. ಮನೆಮಾತನ್ನು ಬಳಸಿ ಕಲಿಸಿದರೆ ಮಕ್ಕಳು ಬೇಗ ಕಲಿಯುತ್ತಾರೆಂದು ಸಂಶೋಧನೆಗಳು ಹೇಳಿವೆ.”

ಇದೊಂದು ಕಲ್ಪಿತ ಕರಡು. ಆದರೆ ಇಂಥ ವಾಕ್ಯಗಳು ಎಲ್ಲರಿಗೂ ಪರಿಚಿತವೇ. ಇಲ್ಲಿ ಐದು ವಾಕ್ಯಗಳಿವೆ, ಆಕರ ಒಂದೂ ಇಲ್ಲ. ಕೊನೆಯಲ್ಲಿ ಆವರಣದೊಳಗೆ ಒಂದಿಷ್ಟು ಹೆಸರು, ವರ್ಷಗಳನ್ನು ಸೇರಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಪ್ರತಿ ವಾಕ್ಯಕ್ಕೂ ಮೂರು ಪ್ರಶ್ನೆಗಳನ್ನು ಕೇಳಬೇಕು: ಇದನ್ನು ಯಾರು, ಯಾವ ಪುಟದಲ್ಲಿ ಅಥವಾ ಯಾವ ಕೋಷ್ಟಕದಲ್ಲಿ ಹೇಳಿದ್ದಾರೆ? ಅವರು ಯಾವ ಊರಿನ, ಯಾವ ವಯಸ್ಸಿನ, ಯಾವ ವರ್ಷದ ಬಗ್ಗೆ ಹೇಳಿದ್ದಾರೆ? ನಾನು ಬರೆದಿರುವುದು ಅಷ್ಟೇ ಇದೆಯೇ, ಅದಕ್ಕಿಂತ ಹೆಚ್ಚಾಗಿದೆಯೇ?

ಮೊದಲ ವಾಕ್ಯ: ಪ್ರದೇಶದ ಹಣೆಪಟ್ಟಿ

‘ಹಿಂದುಳಿದ ಪ್ರದೇಶ’ ಎಂಬ ಮಾತಿಗೆ ನಮ್ಮಲ್ಲಿ ಸಾಮಾನ್ಯವಾಗಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಹೆಸರು ಹೇಳುತ್ತಾರೆ. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ನೇಮಕವಾದ ಈ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದು ತಾಲ್ಲೂಕನ್ನು ಘಟಕವಾಗಿ ಇಟ್ಟುಕೊಂಡು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು.

ಈ ವರದಿಯನ್ನು ಆಕರವಾಗಿ ಬಳಸುವಾಗ ಎರಡು ಸಂಗತಿ ಗಮನಿಸಬೇಕು. ಸಮಿತಿ ಲೆಕ್ಕ ಹಾಕಿದ್ದು ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ ಮುಂತಾದ ಕ್ಷೇತ್ರಗಳ 35 ಸೂಚಕಗಳನ್ನು ಕೂಡಿಸಿದ ಒಟ್ಟು ಸೂಚ್ಯಂಕವನ್ನು. ಆದ್ದರಿಂದ ಆ ವರ್ಗೀಕರಣವನ್ನು ಹಿಡಿದು ‘ಶೈಕ್ಷಣಿಕವಾಗಿ’ ಹಿಂದುಳಿದಿದೆ ಎಂದು ಬರೆದರೆ ಆಕರ ಹೇಳದ ಒಂದು ಪದವನ್ನು ನಾವೇ ಸೇರಿಸಿದಂತಾಗುತ್ತದೆ. ಎರಡನೆಯದಾಗಿ, ವರದಿ ತಾಲ್ಲೂಕುವಾರು ಪಟ್ಟಿ ಕೊಡುತ್ತದೆ. ನಮ್ಮ ಶಾಲೆ ಇರುವ ತಾಲ್ಲೂಕು ಯಾವ ವರ್ಗದಲ್ಲಿದೆ ಎಂಬುದನ್ನು ಆ ಪಟ್ಟಿಯಲ್ಲೇ ನೋಡಿ ಬರೆಯಬೇಕು, ಇಡೀ ವಿಭಾಗದ ಹಣೆಪಟ್ಟಿಯನ್ನು ತಾಲ್ಲೂಕಿಗೆ ಅಂಟಿಸಬಾರದು. ಇನ್ನು ಸಂವಿಧಾನದ 371(ಜೆ) ವಿಧಿಯನ್ನು ಉಲ್ಲೇಖಿಸುವವರು ಅದು ಈ ಪ್ರದೇಶಕ್ಕೆ ವಿಶೇಷ ಅವಕಾಶ ಕಲ್ಪಿಸುವ ಕಾನೂನು ಎಂದಷ್ಟೇ ಬರೆಯಬಹುದು. ಅದು ಮಕ್ಕಳ ಕಲಿಕಾ ಮಟ್ಟಕ್ಕೆ ಸಾಕ್ಷಿಯಾಗದು.

ಎರಡನೆಯ ವಾಕ್ಯ: ಸಾಕ್ಷರತೆಯ ಅಂಕಿ

2011ರ ಜನಗಣತಿಯ ಅಂತಿಮ ಅಂಕಿಗಳಂತೆ ಕರ್ನಾಟಕದ ಸಾಕ್ಷರತೆ ಶೇ. 75.36, ಬೀದರ್ ಜಿಲ್ಲೆಯದು ಶೇ. 70.51. ರಾಜ್ಯದ ಅಂಕಿಯನ್ನು ಕೆಲವು ಪ್ರಬಂಧಗಳಲ್ಲಿ 75.60 ಎಂದು ಕಾಣುತ್ತೇವೆ. ಅದು 2011ರಲ್ಲೇ ಪ್ರಕಟವಾದ ತಾತ್ಕಾಲಿಕ ಅಂಕಿ. ಒಂದೇ ಪ್ಯಾರಾದಲ್ಲಿ ಒಂದು ಅಂಕಿ ತಾತ್ಕಾಲಿಕ ಪಟ್ಟಿಯದು, ಇನ್ನೊಂದು ಅಂತಿಮ ಪಟ್ಟಿಯದು ಆಗಿದ್ದರೆ, ಬರೆದವರು ಮೂಲವನ್ನು ತೆರೆಯದೆ ಬೇರೆ ಬೇರೆ ಪ್ರಬಂಧಗಳಿಂದ ಎತ್ತಿಕೊಂಡಿದ್ದಾರೆಂದು ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ.

ಅಂಕಿ ಸರಿಯಿದ್ದರೂ ವಾಕ್ಯ ನಿಲ್ಲುವುದಿಲ್ಲ. ಜನಗಣತಿಯಲ್ಲಿ ಸಾಕ್ಷರರೆಂದರೆ ಯಾವುದೇ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲ, 7 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವ್ಯಕ್ತಿ. ‘ಯಾವುದೇ ಭಾಷೆ’ ಎಂಬುದು ನಮ್ಮ ಭಾಗದಲ್ಲಿ ಸಣ್ಣ ಮಾತಲ್ಲ. ಬಸವಕಲ್ಯಾಣದಲ್ಲಿ ಮರಾಠಿ ಓದುವವರೂ ಉರ್ದು ಓದುವವರೂ ಈ ಲೆಕ್ಕದಲ್ಲಿ ಸಾಕ್ಷರರೇ. ಹೀಗಾಗಿ ಈ ಅಂಕಿ 4ನೇ ತರಗತಿಯ ಮಗುವಿನ ಕನ್ನಡ ಓದಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಜೊತೆಗೆ ವಾಕ್ಯದಲ್ಲಿ ‘ಇರುವುದರಿಂದ’ ಎಂಬ ಒಂದು ಪ್ರತ್ಯಯ ಕೂತಿದೆ. ಅದು ಕಾರಣವನ್ನು ಹೇಳುತ್ತದೆ, ಜನಗಣತಿ ಕಾರಣ ಹೇಳುವುದಿಲ್ಲ. ‘ಇಂದ’, ‘ಆದ್ದರಿಂದ’, ‘ಪರಿಣಾಮವಾಗಿ’ ಎಂಬ ಪದಗಳಿಗೆ ಕೆಂಪು ಶಾಯಿಯ ಗುರುತು ಹಾಕಿ, ಆ ಕಾರಣಸಂಬಂಧವನ್ನು ಆಕರವೇ ಹೇಳಿದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಗಡಿಗಳ ಬಗ್ಗೆಯೂ ಒಂದು ಎಚ್ಚರ ಬೇಕು. 2011ರಲ್ಲಿ ಬೀದರ್ ಜಿಲ್ಲೆಯಲ್ಲಿ ಇದ್ದದ್ದು ಐದೇ ತಾಲ್ಲೂಕುಗಳು. ಆಮೇಲೆ ಬಸವಕಲ್ಯಾಣದಿಂದ ಹುಲಸೂರು, ಹುಮನಾಬಾದಿನಿಂದ ಚಿಟಗುಪ್ಪ ಬೇರೆ ತಾಲ್ಲೂಕುಗಳಾದವು. ಆದ್ದರಿಂದ ಜನಗಣತಿಯ ‘ಹುಮನಾಬಾದ್ ತಾಲ್ಲೂಕು’ ಎಂಬ ಅಂಕಿಯಲ್ಲಿ ಇಂದಿನ ಚಿಟಗುಪ್ಪದ ಹಳ್ಳಿಗಳೂ ಸೇರಿರುತ್ತವೆ. ಇದನ್ನು ಒಂದು ವಾಕ್ಯದಲ್ಲಿ ಸ್ಪಷ್ಟಪಡಿಸಿದರೆ ಸಾಕು.

ಮೂರನೆಯ ವಾಕ್ಯ: ‘ಸಮೀಕ್ಷೆಗಳ ಪ್ರಕಾರ’

ಯಾವ ಸಮೀಕ್ಷೆ? ಓದಿನ ಬಗ್ಗೆ ಹೆಚ್ಚಾಗಿ ಬಳಕೆಯಾಗುವುದು ಅಸರ್ ವರದಿ ಮತ್ತು ರಾಷ್ಟ್ರೀಯ ಸಾಧನಾ ಸಮೀಕ್ಷೆ. ಇವೆರಡೂ ಒಂದೇ ಬಗೆಯವಲ್ಲ. ಅಸರ್ ಸಮೀಕ್ಷೆ ಗ್ರಾಮೀಣ ಪ್ರದೇಶದಲ್ಲಿ ಮನೆಮನೆಗೆ ಹೋಗಿ ನಡೆಯುತ್ತದೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಎಂಬುದು ಅದರ ಮಾದರಿ. 5ರಿಂದ 16 ವಯಸ್ಸಿನ ಮಗುವಿನ ಮುಂದೆ ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ ಇಟ್ಟು ಒಬ್ಬೊಬ್ಬರಾಗಿ ಓದಿಸುತ್ತಾರೆ. ರಾಷ್ಟ್ರೀಯ ಸಾಧನಾ ಸಮೀಕ್ಷೆ ಶಾಲೆಯಲ್ಲಿ ನಡೆಯುತ್ತದೆ. 2021ರ ನವೆಂಬರ್ 12ರಂದು ನಡೆದ ಸಮೀಕ್ಷೆಯಲ್ಲಿ 3, 5, 8 ಮತ್ತು 10ನೇ ತರಗತಿಗಳು ಇದ್ದವು. 4ನೇ ತರಗತಿ ಅದರಲ್ಲಿ ಇರಲೇ ಇಲ್ಲ.

ಈ ಎರಡೂ ಸಮೀಕ್ಷೆಗಳ ಮಾದರಿ ಜಿಲ್ಲೆಗಿಂತ ಕೆಳಗಿನ ಅಂದಾಜಿಗೆ ರೂಪಿಸಿದ್ದಲ್ಲ. ಆದ್ದರಿಂದ ‘ಸಮೀಕ್ಷೆಗಳ ಪ್ರಕಾರ ಹುಮನಾಬಾದ್ ತಾಲ್ಲೂಕಿನಲ್ಲಿ’ ಎಂದು ಶುರುವಾಗುವ ವಾಕ್ಯಕ್ಕೆ ಇವುಗಳಲ್ಲಿ ಆಕರ ಸಿಗದು. ಬರೆಯಬಹುದಾದದ್ದು ಇಷ್ಟು: ಅಸರ್ 2022ರ ಪ್ರಕಾರ ಗ್ರಾಮೀಣ ಭಾರತದಲ್ಲಿ 2ನೇ ತರಗತಿ ಮಟ್ಟದ ಪಠ್ಯ ಓದಬಲ್ಲ 3ನೇ ತರಗತಿ ಮಕ್ಕಳ ಪ್ರಮಾಣ 2018ರಲ್ಲಿ ಶೇ. 27.3 ಇದ್ದದ್ದು 2022ರಲ್ಲಿ ಶೇ. 20.5ಕ್ಕೆ ಇಳಿಯಿತು. ಇದು ದೇಶದ ಚಿತ್ರ. ನಮ್ಮ ಶಾಲೆಯ ಚಿತ್ರ ಬೇಕಾದರೆ ನಾವೇ ಪರೀಕ್ಷಿಸಬೇಕು. ಅದನ್ನು ಮುಂದೆ ನೋಡೋಣ.

ನಾಲ್ಕನೆಯ ವಾಕ್ಯ: ಪಾಲಕರ ಮೇಲಿನ ತೀರ್ಪು

‘ಪಾಲಕರಿಗೆ ಆಸಕ್ತಿ ಇಲ್ಲ’ ಎಂಬ ವಾಕ್ಯ ಐದರಲ್ಲಿ ಹೆಚ್ಚು ಹಾನಿ ಮಾಡುವಂಥದ್ದು. ಒಮ್ಮೆ ಅದು ಹಿನ್ನೆಲೆಯಲ್ಲಿ ಸೇರಿಕೊಂಡರೆ ಪರಿಹಾರವೂ ಅದೇ ದಾರಿ ಹಿಡಿಯುತ್ತದೆ: ಪಾಲಕರ ಸಭೆ, ತಿಳಿವಳಿಕೆಯ ಮಾತು, ಮುಗಿಯಿತು. ಮಗುವಿಗೆ ಓದಲು ಕಲಿಸುವ ಕೆಲಸ ಉಳಿದೇಬಿಡುತ್ತದೆ. ಮುಂದಿನ ವರ್ಷದ ಪ್ರಶಿಕ್ಷಣಾರ್ಥಿ ಅದೇ ವಾಕ್ಯವನ್ನು ಗ್ರಂಥಾಲಯದ ಪ್ರತಿಯಿಂದ ಎತ್ತಿ ‘ಹಿಂದಿನ ಅಧ್ಯಯನದಲ್ಲಿ ಕಂಡುಬಂದಂತೆ’ ಎಂದು ಬರೆಯುತ್ತಾನೆ. ಹೀಗೆ ಯಾರೂ ಪರೀಕ್ಷಿಸದ ಒಂದು ಮಾತು ಒಂದು ಸಮುದಾಯದ ಮೇಲಿನ ತೀರ್ಪಾಗುತ್ತದೆ.

ಈ ವಾಕ್ಯದ ಹಿಂದೆ ಸಾಮಾನ್ಯವಾಗಿ ಇರುವುದು ಒಂದು ನೋಟ ಮಾತ್ರ: ಕೆಲವು ಮಕ್ಕಳು ಶಾಲೆಗೆ ಸರಿಯಾಗಿ ಬರುವುದಿಲ್ಲ. ಅದಕ್ಕೆ ಆಕರ ಶಾಲೆಯಲ್ಲೇ ಇದೆ, ಅದು ಹಾಜರಿ ಪುಸ್ತಕ. ಹಿಂದಿನ ವರ್ಷದ ಹಾಜರಿಯನ್ನು ತಿಂಗಳುವಾರು ತೆಗೆಯಿರಿ. ನವೆಂಬರಿನಿಂದ ಫೆಬ್ರುವರಿವರೆಗೆ ಮಾತ್ರ ಇಳಿದು, ಮಾರ್ಚ್‌ನಲ್ಲಿ ಏರಿದ್ದರೆ ಅದು ‘ನಿರಾಸಕ್ತಿ’ಯ ಗುರುತಲ್ಲ. ಕಬ್ಬು ಕಡಿಯಲು ಅಥವಾ ಬೇರೆ ಕೂಲಿಗೆ ಕುಟುಂಬ ಹೊರಗೆ ಹೋಗಿರಬಹುದು. ಆದರೆ ಹಾಜರಿ ಪುಸ್ತಕ ಗೈರುಹಾಜರಿಯನ್ನು ತೋರಿಸುತ್ತದೆ, ಅದರ ಕಾರಣವನ್ನು ತೋರಿಸುವುದಿಲ್ಲ. ಕಾರಣಕ್ಕೆ ಇನ್ನೊಂದು ಆಕರ ಬೇಕು: ಪಾಲಕರೊಂದಿಗಿನ ಮಾತುಕತೆಯ ದಿನಾಂಕಸಹಿತ ಟಿಪ್ಪಣಿ. ಎರಡನ್ನೂ ಬೇರೆ ಬೇರೆ ವಾಕ್ಯಗಳಲ್ಲಿ, ಬೇರೆ ಬೇರೆ ಆಕರದೊಂದಿಗೆ ಬರೆಯಬೇಕು.

ಐದನೆಯ ವಾಕ್ಯ: ‘ಸಂಶೋಧನೆಗಳು ಹೇಳಿವೆ’

ಈ ವಾಕ್ಯದಲ್ಲಿ ನೀತಿ ಮತ್ತು ಸಂಶೋಧನೆ ಬೆರೆತುಹೋಗುತ್ತವೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಕಲಂ 29(2)(ಎಫ್) ಬೋಧನಾ ಮಾಧ್ಯಮ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕು ಎನ್ನುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ಯಾರಾ 4.11 ಸಾಧ್ಯವಿರುವಲ್ಲೆಲ್ಲ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಸಬೇಕು ಎನ್ನುತ್ತದೆ. ಇವು ‘ಹೀಗಿರಬೇಕು’ ಎಂಬ ನಿರ್ದೇಶನಗಳು. ‘ಹೀಗೆ ಮಾಡಿದಾಗ ಹೀಗಾಯಿತು’ ಎಂಬುದಕ್ಕೆ ಅಧ್ಯಯನವನ್ನೇ ಉಲ್ಲೇಖಿಸಬೇಕು. ಮನೆಮಾತು ಮತ್ತು ಶಾಲಾಭಾಷೆ ಬೇರೆಯಾದ ಮಕ್ಕಳ ಕಷ್ಟವನ್ನು ತರಗತಿಗಳಲ್ಲಿ ಕೂತು ನೋಡಿ ಬರೆದ ಧೀರ್ ಝಿಂಗ್ರನ್ ಅವರ 2005ರ ‘ಲ್ಯಾಂಗ್ವೇಜ್ ಡಿಸ್‌ಅಡ್ವಾಂಟೇಜ್’ ಅಂಥ ಒಂದು ಪುಸ್ತಕ. ಅದು ಕರ್ನಾಟಕದ ಹೊರಗಿನ ರಾಜ್ಯಗಳ ಶಾಲೆಗಳ ಅಧ್ಯಯನ ಎಂಬುದನ್ನು ವಾಕ್ಯದಲ್ಲೇ ಹೇಳಬೇಕು. ಆ ಒಂದು ಮಾತೇ ನಮ್ಮ ಅಧ್ಯಯನದ ಅಗತ್ಯವನ್ನು ತೋರಿಸುತ್ತದೆ.

ಮನೆಮಾತಿನ ಅಂಕಿ ಬೇಕಾದವರು ಜನಗಣತಿಯ ಮಾತೃಭಾಷೆಗಳ ಕೋಷ್ಟಕ ಸಿ-16ಕ್ಕೆ ಹೋಗುತ್ತಾರೆ. ಅಲ್ಲಿ ಒಂದು ತೊಡಕಿದೆ. ಆ ಕೋಷ್ಟಕದಲ್ಲಿ ಲಂಬಾಣಿ ಪ್ರತ್ಯೇಕ ಭಾಷೆಯಾಗಿ ನಿಲ್ಲುವುದಿಲ್ಲ, ‘ಹಿಂದಿ’ ಎಂಬ ಶೀರ್ಷಿಕೆಯ ಕೆಳಗಿನ ಮಾತೃಭಾಷೆಗಳಲ್ಲಿ ಒಂದಾಗಿ ಸೇರಿದೆ. ಶೀರ್ಷಿಕೆಯ ಒಟ್ಟು ಅಂಕಿಯನ್ನಷ್ಟೇ ಎತ್ತಿಕೊಂಡು ‘ಇಷ್ಟು ಜನ ಹಿಂದಿ ಮಾತಾಡುತ್ತಾರೆ’ ಎಂದು ಬರೆದರೆ ತಾಂಡಾದ ಮಕ್ಕಳ ಮನೆಮಾತೇ ನಮ್ಮ ಪ್ರಸ್ತಾವನೆಯಿಂದ ಮಾಯವಾಗುತ್ತದೆ. ಶೀರ್ಷಿಕೆಯ ಕೆಳಗಿನ ಸಾಲಿನವರೆಗೂ ಇಳಿಯಬೇಕು.

ಶಾಲೆಯ ಆಕರ: ಪೂರ್ವ ಪರೀಕ್ಷೆ

ಈಗ ಮಾದರಿ ಶಾಲೆಗೆ ಬರೋಣ. ಪ್ರಶಿಕ್ಷಣಾರ್ಥಿಯು ಜುಲೈ ಎರಡನೆಯ ವಾರದಲ್ಲಿ 4ನೇ ತರಗತಿಯ 22 ಮಕ್ಕಳನ್ನು ಅಕ್ಷರ, ಪದ, ಪ್ಯಾರಾ, ಕಥೆ ಎಂಬ ನಾಲ್ಕು ಹಂತದಲ್ಲಿ ಒಬ್ಬೊಬ್ಬರಾಗಿ ಓದಿಸಿದನೆಂದು ಇಟ್ಟುಕೊಳ್ಳೋಣ. (ಇಲ್ಲಿಂದ ಮುಂದಿನ ಶಾಲಾ ಅಂಕಿಗಳು ಅಭ್ಯಾಸಕ್ಕಾಗಿ ಕಲ್ಪಿಸಿದವು.) 22ರಲ್ಲಿ 9 ಮಕ್ಕಳು ಪ್ಯಾರಾ ಅಥವಾ ಕಥೆ ಓದಿದರು, 13 ಮಕ್ಕಳು ಅಕ್ಷರ ಅಥವಾ ಪದದ ಹಂತದಲ್ಲೇ ನಿಂತರು. ಮನೆಯಲ್ಲಿ ಲಂಬಾಣಿ ಮಾತಾಡುವವರು 14 ಮಕ್ಕಳು, ಅವರಲ್ಲಿ ನಿಂತವರು 11. ಉಳಿದ 8 ಮಕ್ಕಳಲ್ಲಿ ನಿಂತವರು 2.

ಇಷ್ಟನ್ನು ನೋಡಿ ‘ಮನೆಮಾತೇ ಕಾರಣ’ ಎಂದು ಬರೆಯುವ ಆಸೆ ಸಹಜ. ಆದರೆ ಹಾಜರಿ ಪುಸ್ತಕವನ್ನೂ ಪಕ್ಕದಲ್ಲಿಟ್ಟಾಗ, ಆ 11 ಮಕ್ಕಳಲ್ಲಿ 6 ಮಕ್ಕಳು ಹಿಂದಿನ ವರ್ಷ ನವೆಂಬರಿನಿಂದ ಫೆಬ್ರುವರಿವರೆಗೆ ಅರ್ಧಕ್ಕಿಂತ ಕಡಿಮೆ ದಿನ ಬಂದಿದ್ದರು. ಉಳಿದ 5 ಮಕ್ಕಳು ವರ್ಷವಿಡೀ ನಿಯಮಿತವಾಗಿ ಬಂದಿದ್ದರು, ಆದರೂ ಓದಲಾರರು. ಈಗ ಒಂದೇ ಸಮಸ್ಯೆ ಎರಡಾಯಿತು. ಮೊದಲ ಗುಂಪಿಗೆ ತಪ್ಪಿಹೋದ ದಿನಗಳ ಪಾಠವನ್ನು ತುಂಬಿಕೊಡಬೇಕು. ಎರಡನೆಯ ಗುಂಪಿನಲ್ಲಿ ಶಾಲೆಗೆ ಬಂದರೂ ಪಾಠ ತಲುಪಿಲ್ಲ, ಅಲ್ಲಿ ಲಂಬಾಣಿ ಪದಗಳಿಂದ ಕನ್ನಡಕ್ಕೆ ದಾಟಿಸುವ ಚಟುವಟಿಕೆಯನ್ನು ಪ್ರಯತ್ನಿಸಿ ನೋಡಲು ಅರ್ಥವಿದೆ. ಆಕರ ಹುಡುಕುವ ಕೆಲಸವೇ ಸಂಶೋಧನಾ ಪ್ರಶ್ನೆಯನ್ನು ಚೂಪು ಮಾಡಿತು.

ಪೂರ್ವ ಪರೀಕ್ಷೆ ಆಕರವಾಗಿ ನಿಲ್ಲಬೇಕಾದರೆ ದಿನಾಂಕ, ಮಕ್ಕಳ ಸಂಖ್ಯೆ, ಓದಿಸಿದ ಪಠ್ಯ, ‘ಓದಿದ’ ಎಂದು ಪರಿಗಣಿಸಿದ ನಿಯಮ ಇವಿಷ್ಟೂ ಅನುಬಂಧದಲ್ಲಿರಬೇಕು. ಮಕ್ಕಳ ಹೆಸರಿನ ಬದಲು ಕ್ರಮಸಂಖ್ಯೆ ಬಳಸಬೇಕು.

ಬರೆಯುವ ಮೊದಲು ನಾಲ್ಕು ಕಾಲಂ

ಪ್ಯಾರಾ ಬರೆಯಲು ಕೂರುವ ಮುನ್ನ ನೋಟ್‌ಬುಕ್ಕಿನ ಪುಟವನ್ನು ಅಡ್ಡ ಹಿಡಿದು ನಾಲ್ಕು ಕಾಲಂ ಹಾಕಿಕೊಳ್ಳಿ: ನನ್ನ ಹೇಳಿಕೆ, ಆಕರ ಮತ್ತು ಪುಟ ಅಥವಾ ಕೋಷ್ಟಕ, ಆಕರ ಹೇಳುವ ಸ್ಥಳ, ವರ್ಷ, ವಯಸ್ಸು, ಆಕರ ಹೇಳದೆ ಬಿಟ್ಟದ್ದು. ಎರಡನೆಯ ಕಾಲಂ ಖಾಲಿ ಉಳಿದ ಹೇಳಿಕೆಯನ್ನು ಬಿಡಬೇಕು ಅಥವಾ ಅದಕ್ಕೆ ಶಾಲೆಯಲ್ಲಿ ಮಾಹಿತಿ ಸಂಗ್ರಹಿಸಬೇಕು. ಬೇರೊಬ್ಬರ ಪ್ರಬಂಧದಲ್ಲಿ ಕಂಡ ಉಲ್ಲೇಖವನ್ನು ಮೂಲ ತೆರೆದು ಪುಟದ ಮೇಲೆ ಬೆರಳಿಟ್ಟು ನೋಡಿದ ನಂತರವೇ ಎರಡನೆಯ ಕಾಲಮಿಗೆ ಇಳಿಸಬೇಕು. ಮೂಲ ಸಿಗದಿದ್ದರೆ ‘ಇಂಥವರು ಉಲ್ಲೇಖಿಸಿದಂತೆ’ ಎಂದೇ ಬರೆಯಬೇಕು. ನಾಲ್ಕನೆಯ ಕಾಲಂ ತುಂಬಿದಾಗ ‘ಅಧ್ಯಯನದ ಅಗತ್ಯ’ ಎಂಬ ಭಾಗಕ್ಕೆ ಬೇಕಾದ ಸಾಮಗ್ರಿ ಅಲ್ಲೇ ಸಿಕ್ಕಿರುತ್ತದೆ.

ನಂತರ ಹೇಳಿಕೆಗಳನ್ನು ದೂರದಿಂದ ಹತ್ತಿರಕ್ಕೆ ಜೋಡಿಸಿ: ದೇಶದ ಚಿತ್ರ, ಬೇರೆಡೆ ನಡೆದ ಅಧ್ಯಯನ, ನಮ್ಮ ತರಗತಿ, ಕೊನೆಗೆ ಉಳಿದ ಪ್ರಶ್ನೆ. ಸಾಕ್ಷರತೆ, ಹಿಂದುಳಿದ ತಾಲ್ಲೂಕು ಇವು ಈ ಪ್ರಶ್ನೆಗೆ ಕೆಲಸಕ್ಕೆ ಬರುವುದಿಲ್ಲವಾದರೆ, ಅಂಕಿ ಎಷ್ಟೇ ಸರಿಯಿದ್ದರೂ ಕೈಬಿಡಿ. ಮಾದರಿ ಹಿನ್ನೆಲೆ ಈಗ ಹೀಗಾಗುತ್ತದೆ:

“ಗ್ರಾಮೀಣ ಭಾರತದಲ್ಲಿ 2ನೇ ತರಗತಿ ಮಟ್ಟದ ಪಠ್ಯ ಓದಬಲ್ಲ 3ನೇ ತರಗತಿ ಮಕ್ಕಳ ಪ್ರಮಾಣ 2022ರಲ್ಲಿ ಶೇ. 20.5 ಇತ್ತು (ಅಸರ್, 2022). ಮನೆಮಾತು ಶಾಲಾಭಾಷೆಗಿಂತ ಬೇರೆಯಾದಾಗ ಮಕ್ಕಳಿಗಾಗುವ ಕಲಿಕೆಯ ತೊಂದರೆಯನ್ನು ಕರ್ನಾಟಕದ ಹೊರಗಿನ ಶಾಲೆಗಳಲ್ಲಿ ಅಧ್ಯಯನ ಮಾಡಲಾಗಿದೆ (ಝಿಂಗ್ರನ್, 2005). ಪ್ರಸ್ತುತ ಶಾಲೆಯ 4ನೇ ತರಗತಿಯಲ್ಲಿ ಲಂಬಾಣಿ ಮನೆಮಾತಿನ 14 ಮಕ್ಕಳಲ್ಲಿ 11 ಮಕ್ಕಳು ಪದದ ಹಂತ ದಾಟಿಲ್ಲ (ಪೂರ್ವ ಪರೀಕ್ಷೆ, ಅನುಬಂಧ 1). ಇವರಲ್ಲಿ 6 ಮಕ್ಕಳ ಹಾಜರಿ ನವೆಂಬರ್‌–ಫೆಬ್ರುವರಿಯಲ್ಲಿ ಅರ್ಧಕ್ಕಿಂತ ಕಡಿಮೆ ಇತ್ತು (ಹಾಜರಿ ಪುಸ್ತಕ, ಅನುಬಂಧ 2). ನಿಯಮಿತವಾಗಿ ಹಾಜರಾದ 5 ಮಕ್ಕಳು ಓದಲು ಕಲಿಯದಿರುವುದಕ್ಕೆ ಗೈರುಹಾಜರಿ ಕಾರಣವಾಗಲಾರದು. ಈ 5 ಮಕ್ಕಳಿಗೆ ಲಂಬಾಣಿ–ಕನ್ನಡ ಪದಚಟುವಟಿಕೆ ನೆರವಾಗುವುದೇ ಎಂಬುದು ಈ ಅಧ್ಯಯನದ ಪ್ರಶ್ನೆ.”

ಮೊದಲ ಕರಡಿಗಿಂತ ಇದರ ದನಿ ತಗ್ಗಿದೆ. ಐದನೆಯ ವಾಕ್ಯಕ್ಕೆ ಆವರಣವಿಲ್ಲ, ಏಕೆಂದರೆ ಅದು ಹಿಂದಿನ ಎರಡು ವಾಕ್ಯಗಳಿಂದ ತೆಗೆದ ತೀರ್ಮಾನ. ಅಂಥ ವಾಕ್ಯ ತಾನು ಆಧರಿಸಿದ ಹೇಳಿಕೆಗಳ ಬೆನ್ನಿಗೇ ಬರಬೇಕು. ಇದಕ್ಕೂ ಮಿತಿ ಇದೆ: 5 ಮಕ್ಕಳ ಫಲಿತಾಂಶವನ್ನು ಹುಮನಾಬಾದ್ ತಾಲ್ಲೂಕಿನ ತಾಂಡಾಗಳಿಗೆಲ್ಲ ಹರಡುವಂತಿಲ್ಲ, ದೃಷ್ಟಿ ಅಥವಾ ಶ್ರವಣದ ತೊಂದರೆಯಂಥ ಬೇರೆ ಕಾರಣಗಳನ್ನೂ ನೋಡಬೇಕು.

ಸಲ್ಲಿಸುವ ಮುನ್ನ ಪ್ರಸ್ತಾವನೆಯನ್ನು ಸಹಪಾಠಿಯೊಬ್ಬರ ಕೈಗೆ ಕೊಡಿ. ಅವರು ಯಾವುದಾದರೂ ಮೂರು ವಾಕ್ಯಗಳಿಗೆ ಬೆರಳಿಟ್ಟು ‘ತೋರಿಸು’ ಎನ್ನಲಿ. ಪ್ರತಿ ವಾಕ್ಯಕ್ಕೂ ಪುಟ, ಕೋಷ್ಟಕ ಅಥವಾ ಅನುಬಂಧವನ್ನು ತೆರೆದು ತೋರಿಸಲು ಸಾಧ್ಯವಾದರೆ ಹಿನ್ನೆಲೆ ಸಿದ್ಧವಾಗಿದೆ. ಒಂದಕ್ಕಾದರೂ ತೋರಿಸಲಾಗದಿದ್ದರೆ ಆ ವಾಕ್ಯ ಮತ್ತೆ ನಾಲ್ಕು ಕಾಲಮಿನ ಪುಟಕ್ಕೆ ಹೋಗಬೇಕು.